ಊಟದ ಟೇಬಲ್ಲಿಗೆ ಕುಟುಂಬಗಳನ್ನು ಕೂಡಿಸುವ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ ಮತ್ತು ಸುತ್ತಲಿನ ಊರುಗಳಲ್ಲಿ ನಿಶ್ಚಯ, ಆರತಕ್ಷತೆ, ನಿವೃತ್ತಿಯ ಸತ್ಕಾರ ಮುಂತಾದ ಊಟಗಳಿಗೆ ಯಾರನ್ನು ಎಲ್ಲಿ ಕೂಡಿಸಬೇಕೆಂಬ ಪಟ್ಟಿಯನ್ನು ಹಲವು ವರ್ಷಗಳಿಂದ ಮಾಡಿಕೊಡುತ್ತ ಬಂದಿದ್ದೇನೆ. ಮಂಗಲ ಕಾರ್ಯಾಲಯದ ಅಂಗಳದಲ್ಲಿ ನಿಂತು ಜನ ಕೇಳಿದ, ಫೋನಿನಲ್ಲಿ ವಿಚಾರಿಸಿದ, ಪತ್ರದಲ್ಲಿ ಬರೆದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವಂಥವನ್ನು ಅವರವರ ಮಾತಿನಲ್ಲಿಯೇ ಇಲ್ಲಿ ಕೊಟ್ಟಿದ್ದೇನೆ. ಸುಮಾರು 50ರಿಂದ 150 ಮಂದಿ ಒಮ್ಮೆಲೆ ಟೇಬಲ್ಲಿನಲ್ಲಿ ಕುಳಿತು ಉಣ್ಣುವ ಸಂದರ್ಭವನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಗಳನ್ನು ಬರೆದಿದೆ.

## ಅಳತೆ ಮತ್ತು ಎಣಿಕೆ

ರೌಂಡ್ ಟೇಬಲ್ಲಿಗೆ ಹತ್ತು ಮಂದಿ ಕೂಡ್ತಾರ ಅಂತ ಕಾರ್ಯಾಲಯದವರು ಹೇಳ್ತಾರ. ನಂಬಬಹುದೇನು?

ಟೇಬಲ್ಲಿನ ಅಡ್ಡಳತೆಯನ್ನು ನೀವೇ ಟೇಪ್ ಹಿಡಿದು ನೋಡುವವರೆಗೆ ನಂಬಬೇಡಿರಿ. ಒಬ್ಬರು ಮೊಣಕೈ ತಾಗಿಸದೆ ಉಣ್ಣಲು ಟೇಬಲ್ಲಿನ ಅಂಚಿನಲ್ಲಿ ಸುಮಾರು 24 ಇಂಚು, ಅಂದರೆ ಎರಡು ಅಡಿ ಬೇಕು. 5 ಅಡಿ ಅಡ್ಡಳತೆಯ ದುಂಡು ಟೇಬಲ್ಲಿನ ಸುತ್ತಳತೆ 188 ಇಂಚು. ಅದನ್ನು 24ರಿಂದ ಭಾಗಿಸಿದರೆ 8ಕ್ಕೆ ಸ್ವಲ್ಪ ಕಡಿಮೆ ಬರುತ್ತದೆ. ಆದ್ದರಿಂದ ಅದು 8 ಮಂದಿಯ ಟೇಬಲ್ಲು. ಅದೇ ಟೇಬಲ್ಲಿಗೆ 10 ಕುರ್ಚಿ ಹಾಕಿದರೆ ಒಬ್ಬರಿಗೆ 19 ಇಂಚೂ ಸಿಗುವುದಿಲ್ಲ, ಮತ್ತು ನಮ್ಮ ಕಡೆಯ ತಾಟಿನ ಜೊತೆಗೆ ನೀರಿನ ಲೋಟ, ಸಾರಿನ ಬಟ್ಟಲು, ಮಜ್ಜಿಗೆಯ ಲೋಟ ಇಡಲು ಸ್ಥಳವೇ ಉಳಿಯುವುದಿಲ್ಲ. 6 ಅಡಿಯ ಟೇಬಲ್ಲಿನ ಸುತ್ತಳತೆ 226 ಇಂಚು ಆಗುವುದರಿಂದ ಅಲ್ಲಿ 10 ಮಂದಿ ಸ್ವಲ್ಪ ಒತ್ತಾಗಿಯಾದರೂ ಕೂಡಬಹುದು. ಕಾರ್ಯಾಲಯದವರು ಸುಳ್ಳು ಹೇಳುತ್ತಾರೆಂದಲ್ಲ; ಎಷ್ಟು ಕುರ್ಚಿ ಹಿಡಿಯುತ್ತವೆ ಎಂಬುದನ್ನು ಅವರು ಹೇಳುತ್ತಾರೆ, ಎಷ್ಟು ಮಂದಿ ಸಮಾಧಾನದಿಂದ ಉಣ್ಣಬಹುದು ಎಂಬುದು ನಿಮ್ಮ ಪ್ರಶ್ನೆ.

ಟೇಬಲ್ ಟೇಬಲ್ ನಡುವೆ ಎಷ್ಟು ಜಾಗಾ ಬಿಡಬೇಕು?

ಒಂದು ಟೇಬಲ್ಲಿನ ಅಂಚಿನಿಂದ ಇನ್ನೊಂದರ ಅಂಚಿಗೆ ಕನಿಷ್ಠ 5 ಅಡಿ ಬಿಡಿರಿ. ಬೆನ್ನಿಗೆ ಬೆನ್ನು ಮಾಡಿ ಕುಳಿತ ಇಬ್ಬರ ಕುರ್ಚಿಗಳೇ ಸುಮಾರು 40 ಇಂಚು ನುಂಗುತ್ತವೆ. ಉಳಿದ 20 ಇಂಚಿನಲ್ಲಿ ಬಡಿಸುವವನು ಬಕೆಟ್ಟು ಹಿಡಿದು ಅಡ್ಡಡ್ಡವಾಗಿ ಸಾಗಬೇಕಾಗುತ್ತದೆ. ಎಲ್ಲ ಟೇಬಲ್ಲುಗಳ ನಡುವೆಯೂ ಹೆಚ್ಚು ಜಾಗ ಬಿಡಲಾಗದಿದ್ದರೆ, ಅಡುಗೆಮನೆಯಿಂದ ಬರುವ ಒಂದು ಮುಖ್ಯ ದಾರಿಯನ್ನಾದರೂ ಅಗಲವಾಗಿಟ್ಟು ಉಳಿದವನ್ನು 5 ಅಡಿಗೆ ನಿಲ್ಲಿಸಿರಿ.

ನಮ್ಮಲ್ಲೆ ಉದ್ದ ಟೇಬಲ್ಲಿನ ಪಂಕ್ತಿ. ಅದಕ್ಕೂ ಹಿಂಗ ಪಟ್ಟಿ ಬೇಕೇನು?

ಬಹುಮಟ್ಟಿಗೆ ಬೇಕಾಗುವುದಿಲ್ಲ. ಪಂಕ್ತಿ ಒಂದು ಗೆರೆಯಿದ್ದಂತೆ. ಒಂದು ಮನೆಯವರು ಮುಗಿದಲ್ಲಿ ಇನ್ನೊಂದು ಮನೆಯವರು ಆರಂಭವಾಗುತ್ತಾರೆ, ಮತ್ತು ಕುಟುಂಬ ಒಡೆಯುವುದು ಸಾಲಿನ ಕೊನೆಯಲ್ಲಿ ಮಾತ್ರ. ದುಂಡು ಟೇಬಲ್ಲಿನಲ್ಲಿ ಪ್ರತಿ 8 ಅಥವಾ 10 ಮಂದಿಗೊಮ್ಮೆ ಗೋಡೆ ಬಂದಂತಾಗುತ್ತದೆ, ಆದ್ದರಿಂದಲೇ ಈ ಎಲ್ಲ ಲೆಕ್ಕ. ನಿಮ್ಮ ನೆಂಟರಲ್ಲಿ ಹತ್ತಕ್ಕಿಂತ ದೊಡ್ಡ ಮನೆಗಳೇ ಹೆಚ್ಚಾಗಿದ್ದರೆ ದುಂಡು ಟೇಬಲ್ಲಿನ ಆಸೆಯನ್ನು ಬಿಟ್ಟು ಪಂಕ್ತಿಯನ್ನೇ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ನಾನು ನೇರವಾಗಿ ಹೇಳುತ್ತೇನೆ. ಮೊಣಕಾಲು ನೋವಿನವರಿಗೆ, ಕೂಸು ಇದ್ದವರಿಗೆ ಸಾಲಿನ ತುದಿಯ ಕುರ್ಚಿಗಳನ್ನು ಕಾಯ್ದಿರಿಸಿದರೆ ಪಂಕ್ತಿಯಲ್ಲಿ ಅಷ್ಟೇ ಸಾಕು.

ಪತ್ರಿಕೆಯೊಳಗ ‘ಸಹಕುಟುಂಬ ಸಪರಿವಾರ’ ಅಂತ ಬರದೇವಿ. ಇನ್ನ ಎಷ್ಟ ಮಂದಿ ಬರ್ತೀರಿ ಅಂತ ಹೆಂಗ ಕೇಳೂದು?

ಎಷ್ಟು ಮಂದಿ ಎಂದು ಕೇಳಿದರೆ ಹಿರಿಯರಿಗೆ ಲೆಕ್ಕ ಹಾಕಿದಂತೆ ಅನಿಸುತ್ತದೆ, ಮೇಲಾಗಿ ಬರುವ ಉತ್ತರವೂ ‘ನಾಲ್ಕೈದು ಮಂದಿ ಆಗಬಹುದು ನೋಡ್ರಿ’ ಎಂಬಂಥದ್ದು. ಅದರ ಬದಲು ಯಾರಾರು ಬರುತ್ತಾರೆಂದು ಹೆಸರು ಹಿಡಿದು ಕೇಳಿರಿ: ‘ಕಾಕಾ, ನಿಮ್ಮ ಜೋಡಿ ಅವ್ವಾರು ಬರ್ತಾರಲ್ಲ? ಹುಬ್ಬಳ್ಳಿಯಿಂದ ಅಕ್ಕಾರೂ ಬರ್ತಾರೇನ್ರಿ?’ ಎಂದರೆ ಅದು ಕ್ಷೇಮ ಸಮಾಚಾರವೂ ಆಗುತ್ತದೆ, ಪಟ್ಟಿಯೂ ಆಗುತ್ತದೆ. ಅದೇ ಫೋನಿನಲ್ಲಿ ಇನ್ನೂ ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳಿರಿ. ಮೆಟ್ಟಿಲು ಹತ್ತಲು ಅಥವಾ ನಡೆಯಲು ಯಾರಿಗಾದರೂ ಕಷ್ಟವಿದೆಯೇ, ಯಾವುದಾದರೂ ಪದಾರ್ಥವನ್ನು ಉಣ್ಣದವರಿದ್ದಾರೆಯೇ, ಹಿರಿಯರನ್ನು ನೋಡಿಕೊಳ್ಳುವವರು ಯಾರಾದರೂ ಜೊತೆಗೆ ಬರುತ್ತಾರೆಯೇ. ಈ ಕೊನೆಯವರನ್ನು ಎಣಿಕೆಯಲ್ಲಿ ಬಿಟ್ಟುಬಿಡುವ ಮನೆಗಳು ಬಹಳ, ಮತ್ತು ಆ ದಿನ ಕುರ್ಚಿಯಿಲ್ಲದೆ ಗೋಡೆಗೆ ಆತು ನಿಲ್ಲುವವರೂ ಅವರೇ ಆಗಿರುತ್ತಾರೆ.

ಫೋನಿನ ಈ ಸುತ್ತನ್ನು ಊಟಕ್ಕೆ ಹತ್ತು ದಿನ ಮೊದಲು ಒಮ್ಮೆ, ಎರಡು ದಿನ ಮೊದಲು ಇನ್ನೊಮ್ಮೆ ಮಾಡಬೇಕು. ಮೊದಲ ಸುತ್ತಿನ ಎಣಿಕೆ ಟೇಬಲ್ಲುಗಳ ಸಂಖ್ಯೆಯನ್ನು ಹೇಳಲು, ಎರಡನೆಯದು ಪಟ್ಟಿಯನ್ನು ಬರೆಯಲು.

## ಕುಟುಂಬಗಳನ್ನು ಹೊಂದಿಸುವುದು

ಮಂದಿಗಿಂತ ಕುರ್ಚಿ ಜಾಸ್ತಿನ ಅದಾವು. ಆದ್ರೂ ಒಂದು ಮನಿಯವರು ಬ್ಯಾರೆ ಬ್ಯಾರೆ ಕೂಡೂ ಹಂಗ ಆಗ್ತೈತಿ. ಯಾಕ?

ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ, ಆದ್ದರಿಂದ ಚಿಕ್ಕ ಲೆಕ್ಕವೊಂದನ್ನು ಮಾಡಿ ನೋಡೋಣ. 10 ಕುರ್ಚಿಯ ಎರಡು ಟೇಬಲ್ಲುಗಳಿವೆ, 6 ಮಂದಿಯ ಮೂರು ಮನೆಗಳಿವೆ. 20 ಕುರ್ಚಿಗೆ 18 ಮಂದಿ, ಇನ್ನೂ ಎರಡು ಉಳಿಯಬೇಕು. ಆದರೆ ಒಂದು ಟೇಬಲ್ಲಿನಲ್ಲಿ 6ರ ಎರಡು ಮನೆಗಳು ಹಿಡಿಯುವುದಿಲ್ಲ, ಏಕೆಂದರೆ 12 ಆಗುತ್ತದೆ. ಎರಡು ಟೇಬಲ್ಲುಗಳಲ್ಲಿ ಎರಡು ಮನೆಗಳು ಕುಳಿತ ಮೇಲೆ ಉಳಿದ 8 ಕುರ್ಚಿಗಳು ನಾಲ್ಕು ಇಲ್ಲಿ, ನಾಲ್ಕು ಅಲ್ಲಿ ಎಂದು ಚದುರಿಹೋಗಿರುತ್ತವೆ. ಮೂರನೆಯ ಮನೆ ಒಡೆಯಲೇಬೇಕು. ಎಷ್ಟೇ ಜಾಣ್ಮೆಯಿಂದ ತಿರುಗಿಸಿ ಹೊಂದಿಸಿದರೂ ಇದಕ್ಕೆ ಉಪಾಯವಿಲ್ಲ.

ಆದ್ದರಿಂದ ಟೇಬಲ್ಲುಗಳನ್ನು ಹೇಳುವ ಮೊದಲು ಎರಡು ಎಣಿಕೆಗಳನ್ನು ಮಾಡಬೇಕು. ಒಟ್ಟು ಮಂದಿಯನ್ನು ಒಂದು ಟೇಬಲ್ಲಿನ ಕುರ್ಚಿಗಳಿಂದ ಭಾಗಿಸಿ ಮೇಲಕ್ಕೆ ಪೂರ್ಣ ಮಾಡುವುದು ಒಂದು. ಟೇಬಲ್ಲಿನ ಅರ್ಧಕ್ಕಿಂತ ದೊಡ್ಡದಾದ ಮನೆಗಳು ಎಷ್ಟಿವೆ ಎಂದು ಎಣಿಸುವುದು ಇನ್ನೊಂದು. ಅಂಥ ಎರಡು ಮನೆಗಳು ಒಂದೇ ಟೇಬಲ್ಲಿನಲ್ಲಿ ಎಂದೂ ಕೂಡಲಾರವಾದ್ದರಿಂದ ಪ್ರತಿಯೊಂದಕ್ಕೂ ಒಂದೊಂದು ಟೇಬಲ್ಲು ಬೇಕೇ ಬೇಕು. ಈ ಎರಡರಲ್ಲಿ ಯಾವುದು ದೊಡ್ಡದೋ ಅದು ನಿಮ್ಮ ಕನಿಷ್ಠ ಸಂಖ್ಯೆ. ಅದಕ್ಕಿಂತ ಒಂದು ಹೆಚ್ಚು ಹೇಳಿದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಪಟ್ಟಿ ಯಾರಿಂದ ಶುರು ಮಾಡಬೇಕು? ನಾವು ಹತ್ತಿರದ ನೆಂಟರಿಂದ ಮಾಡ್ತೇವಿ.

ಹತ್ತಿರದ ನೆಂಟರಿಂದ ಆರಂಭಿಸುವುದು ಮನಸ್ಸಿಗೆ ಸಹಜ, ಆದರೆ ಪಟ್ಟಿ ಕೆಡುವುದೂ ಅಲ್ಲಿಂದಲೇ. ಮೊದಲು ಕೂಡಿಸಬೇಕಾದವರು ಎಲ್ಲಿ ಬೇಕಾದರೂ ಕೂಡಲಾಗದವರು: ಗಾಲಿಕುರ್ಚಿಯವರು, ಕಿವಿ ಮಂದವಾದವರು, ಊಟದ ಹೊತ್ತೇ ಬೇರೆ ಇರುವವರು. ಅವರಿಗೆ ಯೋಗ್ಯವಾದ ಸ್ಥಳ ಸಭಾಂಗಣದಲ್ಲಿ ಒಂದೋ ಎರಡೋ ಇರುತ್ತದೆ. ಅದನ್ನು ಬೇರೆಯವರಿಗೆ ಕೊಟ್ಟ ಮೇಲೆ ಹುಡುಕಿದರೆ ಸಿಗುವುದಿಲ್ಲ. ಅವರ ಮನೆಯವರೂ ಅವರೊಂದಿಗೆ ಅಲ್ಲಿಯೇ ನಿಲ್ಲುತ್ತಾರೆ.

ಅನಂತರ ಉಳಿದ ಮನೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸಿ ಬರೆದುಕೊಂಡು, ಅದೇ ಕ್ರಮದಲ್ಲಿ ಒಂದೊಂದನ್ನೇ ಹಿಡಿಯುವ ಟೇಬಲ್ಲಿಗೆ ಹಾಕುತ್ತ ಹೋಗಬೇಕು. ಚೀಲಕ್ಕೆ ಮೊದಲು ಕುಂಬಳಕಾಯಿ ಹಾಕಿ ಆಮೇಲೆ ಸಂದಿಯಲ್ಲಿ ನಿಂಬೆಹಣ್ಣು ತುಂಬುವ ಹಾಗೆ, ಇಬ್ಬರ ಮನೆ, ಒಂಟಿ ಅತಿಥಿಗಳು ಕೊನೆಯಲ್ಲಿ ಉಳಿದ ಕುರ್ಚಿಗಳನ್ನು ತುಂಬುತ್ತಾರೆ. ಆದರೆ ಆ ಕೊನೆಯ ಹಂತದಲ್ಲಿ ಕುರ್ಚಿ ಖಾಲಿಯಿದೆ ಎಂಬುದೊಂದನ್ನೇ ನೋಡಬಾರದು. ಇಬ್ಬರೇ ಬಂದ ದಂಪತಿಗೆ ಆ ಟೇಬಲ್ಲಿನಲ್ಲಿ ಪರಿಚಯದವರು ಒಬ್ಬರಾದರೂ ಇರಬೇಕು, ಅಥವಾ ಊರು, ಭಾಷೆ, ಉದ್ಯೋಗ ಏನಾದರೊಂದು ಸಮಾನವಾಗಿರಬೇಕು.

ಒಂದ ಮನಿಯವರು ಹನ್ನೊಂದು ಮಂದಿ, ಟೇಬಲ್ಲಿಗೆ ಎಂಟ ಕುರ್ಚಿ. ಹೆಂಗ ಒಡೀಬೇಕು?

ಎಂಟು ಮತ್ತು ಮೂರು ಎಂದು ಒಡೆಯಬೇಡಿರಿ. ಆ ಮೂವರು ತಮ್ಮನ್ನು ಹೊರಗಿಟ್ಟರೆಂದೇ ತಿಳಿಯುತ್ತಾರೆ. ಒಂದು ದೊಡ್ಡ ಮನೆಯೊಳಗೆ ಒಲೆ ಬೇರೆಯಾದ ಚಿಕ್ಕ ಸಂಸಾರಗಳು ಇದ್ದೇ ಇರುತ್ತವೆ. ಒಡೆಯುವ ಗೆರೆ ಅಲ್ಲಿಯೇ ಹೋಗಬೇಕು. ಹಿರಿಯರು ಮತ್ತು ಹಿರಿಯ ಮಗನ ಸಂಸಾರ ಸೇರಿ ಆರು, ಕಿರಿಯ ಮಗನ ಸಂಸಾರ ಮತ್ತು ತಂಗಿ ಸೇರಿ ಐದು ಎಂದಾದರೆ ಎರಡೂ ಕಡೆ ಅದು ಒಂದು ಮನೆಯಂತೆಯೇ ಕಾಣುತ್ತದೆ. ಎರಡೂ ಟೇಬಲ್ಲುಗಳು ಪಕ್ಕಪಕ್ಕದಲ್ಲಿರಲಿ, ಮತ್ತು ಒಂದು ಟೇಬಲ್ಲಿನ ಕೊನೆಯವರ ಬೆನ್ನು ಇನ್ನೊಂದರ ಕೊನೆಯವರ ಬೆನ್ನಿಗೆ ಹತ್ತಿರವಿರಲಿ, ಆಗ ಮಕ್ಕಳು ಅತ್ತಿತ್ತ ಓಡಾಡಿದರೂ ಬಡಿಸುವವರ ದಾರಿಗೆ ಬರುವುದಿಲ್ಲ.

ಇಬ್ಬರು ಅಣ್ಣತಮ್ಮರು ಮಾತು ಬಿಟ್ಟಾರ. ಇಬ್ಬರನ್ನೂ ಕರೀಲೇಬೇಕು.

ದೂರ ಕೂಡಿಸಿದರೆ ಸಾಲದು, ಅವರು ನಡೆಯುವ ದಾರಿಗಳೂ ಕೂಡಬಾರದು. ಕೈ ತೊಳೆಯುವ ಸ್ಥಳಕ್ಕೆ ಹೋಗುವಾಗ ಒಬ್ಬರ ಟೇಬಲ್ಲಿನ ಮುಂದಿನಿಂದಲೇ ಇನ್ನೊಬ್ಬರು ಹಾಯ್ದು ಹೋಗಬೇಕಾದರೆ ದೂರ ಇಟ್ಟದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಅದೇ ರೀತಿ ವೇದಿಕೆಯಿಂದ ಇಬ್ಬರೂ ಸಮಾನ ದೂರದಲ್ಲಿರಲಿ. ಒಬ್ಬರು ಮುಂದೆ, ಒಬ್ಬರು ಹಿಂದೆ ಎಂದರೆ ಹಳೆಯ ಜಗಳಕ್ಕೆ ಹೊಸ ಕಾರಣವೊಂದು ಸೇರುತ್ತದೆ.

## ವಿಶೇಷ ಅಗತ್ಯಗಳು

ನಮ್ಮ ಅಜ್ಜಿ ಗಾಲಿಕುರ್ಚಿಯಲ್ಲಿ ಬರುತ್ತಾರೆ. ಒಂದು ಕುರ್ಚಿ ತೆಗೆದರೆ ಸಾಕಲ್ಲವೇ?

ಸಾಲದು. ಗಾಲಿಕುರ್ಚಿಯ ಅಗಲವೇ ಎರಡು ಅಡಿಗಿಂತ ಹೆಚ್ಚಾಗಿರುತ್ತದೆ ಮತ್ತು ಅದನ್ನು ಓರೆಯಾಗಿ ಒಳತರಲು ಎರಡೂ ಬದಿಗೆ ಸ್ಥಳ ಬೇಕಾಗುತ್ತದೆ. ಎರಡು ಕುರ್ಚಿಗಳನ್ನು ತೆಗೆದು ಆ ಜಾಗದಲ್ಲಿ ಗಾಲಿಕುರ್ಚಿಯನ್ನು ಇಡಿರಿ. ಆಗ 8ರ ಟೇಬಲ್ಲು 7ರದಾಗುತ್ತದೆ, ಮತ್ತು ನಿಮ್ಮ ಲೆಕ್ಕದಲ್ಲಿಯೂ ಅದನ್ನು 7 ಎಂದೇ ಬರೆದುಕೊಳ್ಳಬೇಕು. ಬಾಗಿಲಿನಿಂದ ಆ ಟೇಬಲ್ಲಿನವರೆಗೆ ಎಲ್ಲಿಯೂ 3 ಅಡಿಗಿಂತ ಕಿರಿದಾಗದ ದಾರಿ ಬೇಕು, ತಿರುಗುವಲ್ಲಿ 5 ಅಡಿ ಅಡ್ಡಳತೆಯ ಬಯಲು ಬೇಕು. ಹೊಸ್ತಿಲಿನಲ್ಲಿ ಮೆಟ್ಟಿಲಿದ್ದರೆ ಪ್ರತಿ ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕಾಗುತ್ತದೆ. ಆರು ಇಂಚಿನ ಒಂದೇ ಮೆಟ್ಟಿಲಿಗೂ ಆರು ಅಡಿಯ ಹಲಗೆ ಬೇಕೆಂಬುದನ್ನು ಮರೆಯಬಾರದು. ಟೇಬಲ್ಲಿನ ಕೆಳಗೆ ಮೊಣಕಾಲಿಗೆ ಸುಮಾರು 27 ಇಂಚು ಎತ್ತರದ ಸ್ಥಳವಿದೆಯೇ, ಮಡಚುವ ಕಾಲುಗಳು ಅಡ್ಡ ಬರುತ್ತವೆಯೇ ಎಂದು ಒಮ್ಮೆ ಬಗ್ಗಿ ನೋಡಿರಿ. ನೆಲಕ್ಕೆ ತಾಗುವ ಟೇಬಲ್ ಬಟ್ಟೆಯನ್ನು ಆ ಬದಿಯಲ್ಲಿ ಮೇಲಕ್ಕೆ ಮಡಚಿ ಪಿನ್ನು ಹಾಕಬೇಕು, ಇಲ್ಲವಾದರೆ ಗಾಲಿಗೆ ಸಿಕ್ಕಿ ತಾಟುಗಳ ಸಮೇತ ಎಳೆದುಕೊಂಡು ಬರುತ್ತದೆ.

ನಾನು ಆರಂಭದ ದಿನಗಳಲ್ಲಿ ಮಾಡಿದ ಒಂದು ಪಟ್ಟಿಯಲ್ಲಿ ಗೌರವವೆಂದು ತಿಳಿದು ಅಜ್ಜಿಯೊಬ್ಬರನ್ನು ವೇದಿಕೆಯ ಮುಂದಿನ ಟೇಬಲ್ಲಿಗೆ ಹಾಕಿದ್ದೆ. ಸಂಜೆ ಹೊತ್ತಿಗೆ ಆ ದಾರಿಯಲ್ಲಿ ಧ್ವನಿವರ್ಧಕದ ವಾಯರುಗಳು ಹಾಯ್ದವು, ಶೌಚಾಲಯ ಸಭಾಂಗಣದ ಇನ್ನೊಂದು ತುದಿಯಲ್ಲಿತ್ತು. ಅವರು ಊಟ ಮುಗಿಯುವವರೆಗೆ ನೀರನ್ನೇ ಕುಡಿಯಲಿಲ್ಲವೆಂದು ಮರುದಿನ ಅವರ ಸೊಸೆ ಹೇಳಿದರು. ಅಂದಿನಿಂದ ಗಾಲಿಕುರ್ಚಿಯ ಟೇಬಲ್ಲನ್ನು ಬಾಗಿಲು ಮತ್ತು ಶೌಚಾಲಯದಿಂದ ಅಳೆದು ಇಡುತ್ತೇನೆ, ವೇದಿಕೆಯಿಂದ ಅಲ್ಲ. ವೇದಿಕೆಯ ಮೇಲಿನವರು ಕೆಳಗಿಳಿದು ಬಂದು ಅವರ ಆಶೀರ್ವಾದ ಪಡೆಯಬಹುದು.

ಕಿವಿ ಸರಿ ಕೇಳದ ಹಿರಿಯರನ್ನು ಸ್ಪೀಕರಿನ ಹತ್ತಿರ ಕೂಡಿಸಿದರೆ ಅನುಕೂಲವಲ್ಲವೇ?

ಅದು ಸದುದ್ದೇಶದಿಂದ ಆಗುವ ದೊಡ್ಡ ತಪ್ಪು. ಶ್ರವಣಯಂತ್ರ ಹಾಕಿಕೊಂಡವರಿಗೆ ಸ್ಪೀಕರಿನ ಸದ್ದೂ ದೊಡ್ಡದಾಗಿ ಕೇಳುವುದರಿಂದ ಪಕ್ಕದವರ ಮಾತು ಅದರಲ್ಲಿ ಮುಳುಗಿಹೋಗುತ್ತದೆ, ಹಲವರು ಯಂತ್ರವನ್ನೇ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಅವರಿಗೆ ಗೋಡೆಯ ಬದಿಯ, ಸದ್ದು ಕಡಿಮೆಯಿರುವ, ಬೆಳಕು ಎದುರಿನವರ ಮುಖದ ಮೇಲೆ ಬೀಳುವ ಸ್ಥಳ ಬೇಕು, ಏಕೆಂದರೆ ಅವರು ಮಾತನ್ನು ಅರ್ಧ ತುಟಿ ನೋಡಿಯೇ ತಿಳಿಯುತ್ತಾರೆ. ಒಂದೇ ಕಿವಿ ಕೇಳುವುದಾದರೆ ಯಾವ ಕಿವಿ ಎಂದು ಕೇಳಿಕೊಂಡು, ಮನೆಯ ಮಾತುಗಾರರನ್ನು ಆ ಬದಿಗೇ ಕೂಡಿಸಿರಿ.

ಜೈನ ಮನೆಯವರು ಬರುತ್ತಾರೆ, ಒಬ್ಬ ಹುಡುಗನಿಗೆ ಶೇಂಗಾ ಆಗುವುದಿಲ್ಲ. ಇದು ಅಡುಗೆಯವರಿಗೆ ಸಂಬಂಧಿಸಿದ್ದಲ್ಲವೇ, ಕೂಡಿಸುವುದಕ್ಕೂ ಇದಕ್ಕೂ ಏನು?

ಎರಡಕ್ಕೂ ಸಂಬಂಧವಿದೆ. ನಮ್ಮ ಭಾಗದ ಜೈನ ಮನೆಗಳಲ್ಲಿ ಅನೇಕರು ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆಯಂಥ ನೆಲದೊಳಗೆ ಬೆಳೆಯುವ ಪದಾರ್ಥಗಳನ್ನು ಉಣ್ಣುವುದಿಲ್ಲ, ಮತ್ತು ಕೆಲವರು ಸೂರ್ಯಾಸ್ತದ ನಂತರ ಉಣ್ಣುವುದೇ ಇಲ್ಲ. ಎಲ್ಲರ ಆಚರಣೆ ಒಂದೇ ಅಲ್ಲವಾದ್ದರಿಂದ ಆಯಾ ಮನೆಯವರನ್ನೇ ಕೇಳಬೇಕು. ಬೆಳಗಾವಿಯಲ್ಲಿ ಚಳಿಗಾಲದ ಸೂರ್ಯಾಸ್ತ ಸಂಜೆ 6ರ ಸುಮಾರಿಗೆ, ಜೂನ್ ತಿಂಗಳಲ್ಲಿ 7ರ ಸುಮಾರಿಗೆ ಆಗುತ್ತದೆ. 8 ಗಂಟೆಗೆ ಊಟವೆಂದು ಪತ್ರಿಕೆಯಲ್ಲಿ ಹಾಕಿ ಅವರಿಗೆ ಟೇಬಲ್ಲು ಕಾಯ್ದಿರಿಸಿದರೆ ಅದು ಆಮಂತ್ರಣವೇ ಆಗುವುದಿಲ್ಲ. ಅಡುಗೆಮನೆಗೆ ಹತ್ತಿರದ ಒಂದು ಟೇಬಲ್ಲನ್ನು ಮೊದಲು ಸಿದ್ಧ ಮಾಡಿ, ಅವರಿಗೆ ಹೊತ್ತು ಇರುವಾಗಲೇ ಬಡಿಸಿ, ಅವರೊಂದಿಗೆ ಮಾತಾಡುತ್ತ ಉಣ್ಣಲು ಒಪ್ಪುವ ಇನ್ನೊಂದು ಸಸ್ಯಾಹಾರಿ ಮನೆಯನ್ನು ಅದೇ ಟೇಬಲ್ಲಿಗೆ ಸೇರಿಸಿದರೆ ಅವರು ಒಂಟಿಯಾಗಿ ಉಂಡಂತೆ ಆಗುವುದಿಲ್ಲ.

ಶೇಂಗಾದ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು, ಏಕೆಂದರೆ ನಮ್ಮ ಊಟದಲ್ಲಿ ಅದು ಕಣ್ಣಿಗೆ ಕಾಣದೆ ಬರುತ್ತದೆ. ಚಟ್ನಿಪುಡಿ, ಶೇಂಗಾ ಹೋಳಿಗೆ ಎಲ್ಲರಿಗೂ ತಿಳಿಯುತ್ತವೆ. ಎಣ್ಣೆಗಾಯಿಯ ಮಸಾಲೆಯೊಳಗೆ, ಪಲ್ಯದ ಮೇಲೆ ಉದುರಿಸಿದ ಪುಡಿಯಲ್ಲಿ ಇರುವುದು ತಿಳಿಯುವುದಿಲ್ಲ. ಆ ಹುಡುಗನ ಟೇಬಲ್ಲಿನಲ್ಲಿ ಚಟ್ನಿಪುಡಿಯ ಬಟ್ಟಲನ್ನೇ ಇಡಬಾರದು, ಮತ್ತು ಅವನ ತಾಟಿಗೆ ಬೇರೆ ಸೌಟಿನಿಂದ ಬಡಿಸಬೇಕು. ಹೀಗೆ ಮಾಡಲು ಅವನು ನಿಶ್ಚಿತವಾಗಿ ಯಾವ ಕುರ್ಚಿಯಲ್ಲಿದ್ದಾನೆಂದು ತಿಳಿದಿರಬೇಕು, ಆದ್ದರಿಂದಲೇ ಇದು ಕೂಡಿಸುವವರ ಕೆಲಸವೂ ಹೌದು. ಗೋದಿ ಆಗದವರಿಗೆ ನಮ್ಮ ಜೋಳದ ರೊಟ್ಟಿ ಒಳ್ಳೆಯದೇ, ಆದರೆ ಚಪಾತಿಯ ಹಂಚಿನ ಮೇಲೆಯೇ ಬೇಯಿಸಿರಬಾರದು.

ಚಿಕ್ಕ ಕೂಸಿಗೂ ಕುರ್ಚಿ ಎಣಿಸಬೇಕೇ?

ತೊಡೆಯ ಮೇಲಿನ ಕೂಸಿಗೆ ಬೇಡ. ಎತ್ತರದ ಮಕ್ಕಳ ಕುರ್ಚಿ ತರಿಸುವುದಾದರೆ ಪೂರ್ತಿ ಒಂದು ಕುರ್ಚಿಯೆಂದೇ ಎಣಿಸಿ, ಅದನ್ನು ಬಡಿಸುವವರು ಬಿಸಿ ಸಾರು ಹಿಡಿದು ಬರುವ ದಾರಿಯ ಬದಿಗೆ ಇಡಬೇಡಿರಿ.

## ಒಂದು ಪೂರ್ತಿ ಲೆಕ್ಕ

ಹೇಳೋದೆಲ್ಲಾ ತಿಳೀತು. ಒಂದು ಖರೇ ಪಟ್ಟಿ ಹೆಂಗ ಆಗ್ತೈತಿ ಅಂತ ಮಾಡಿ ತೋರಿಸ್ರಿ.

ಬೆಳಗಾವಿಯ ಒಂದು ಮನೆಯ ನಿಶ್ಚಯದ ಸಂಜೆಯ ಊಟವೆಂದು ಇಟ್ಟುಕೊಳ್ಳೋಣ. ಪೂರ್ತಿ ಸಸ್ಯಾಹಾರ. 5 ಅಡಿಯ 8 ಟೇಬಲ್ಲುಗಳು, ಒಂದೊಂದಕ್ಕೆ 8ರಂತೆ 64 ಕುರ್ಚಿ. ಮನೆಯವರು ಮತ್ತು ಜೋಡಿ ಕೊನೆಯಲ್ಲಿ ಉಣ್ಣುವುದರಿಂದ ಅವರನ್ನು ಬಿಟ್ಟು ಅತಿಥಿಗಳು 58.

ಹುಡುಗಿಯ ದೊಡ್ಡಪ್ಪನ ಮನೆಯವರು 9 ಮಂದಿ. ಅವರಲ್ಲಿ ಗಾಲಿಕುರ್ಚಿಯ ಅಜ್ಜಿಯೂ ಇದ್ದಾರೆ. ಬೀಗರು 7. ಗೋಕಾಕದ ಅತ್ತೆಯ ಮನೆಯವರು 6, ಕೊಲ್ಹಾಪುರದ ಮರಾಠಿ ಮಾತಾಡುವ ನೆಂಟರು 6. ತಂದೆಯ ಕಚೇರಿಯವರು 5, ತಂದೆಯ ಶಾಲೆಯ ಗೆಳೆಯರು 5. ಓಣಿಯ ಜೈನ ಮನೆಯವರು 4, ಮಕ್ಕಳ ಕುರ್ಚಿ ಬೇಕಾದ ಕೂಸಿರುವ ಯುವ ದಂಪತಿಯ ಸಂಸಾರ 4. ಕಚೇರಿಯ ಹಳೆಯ ಅಧಿಕಾರಿಯ ಮನೆಯವರು 3, ಓಣಿಯ ಇನ್ನೊಂದು ಮನೆಯವರು 3. ಶಾಲೆಯ ಗೆಳೆಯರ ಊರಿನವರೇ ಆದ ದಂಪತಿ 2, ಮರಾಠಿ ಬಲ್ಲ ನಿಪ್ಪಾಣಿಯ ದಂಪತಿ 2. ಅಜ್ಜಿಯ ಬಾಲ್ಯದ ಗೆಳತಿ ಒಬ್ಬರು, ಕಿವಿ ಮಂದವಾದ ನಿವೃತ್ತ ಶಿಕ್ಷಕರು ಒಬ್ಬರು.

ಮೊದಲು ಕನಿಷ್ಠ ಸಂಖ್ಯೆಯನ್ನು ನೋಡೋಣ. 58ನ್ನು 8ರಿಂದ ಭಾಗಿಸಿದರೆ 7ಕ್ಕೆ ಸ್ವಲ್ಪ ಹೆಚ್ಚು, ಅಂದರೆ 8 ಟೇಬಲ್ಲು. ನಾಲ್ಕಕ್ಕಿಂತ ದೊಡ್ಡ ಮನೆಗಳು ಆರು, ಆದ್ದರಿಂದ ಆ ಕಡೆಯಿಂದ ತೊಂದರೆಯಿಲ್ಲ. ಗಾಲಿಕುರ್ಚಿಗಾಗಿ ಒಂದು ಕುರ್ಚಿ ಹೋಗಿ 63 ಉಳಿಯುತ್ತವೆ, ಮಿಗತೆ 5.

ಬಾಗಿಲಿಗೆ ಮತ್ತು ಶೌಚಾಲಯಕ್ಕೆ ಹತ್ತಿರದ 1ನೇ ಟೇಬಲ್ಲು ಅಜ್ಜಿಯದು, ಅದರ ಅಳತೆ 7. ಒಂಬತ್ತು ಮಂದಿ ಹಿಡಿಯುವುದಿಲ್ಲವಾದ್ದರಿಂದ ಆ ಮನೆಯನ್ನು ಒಡೆಯಬೇಕು: ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ ಮತ್ತು ಮಗನ ಸಂಸಾರದ ಮೂವರು ಸೇರಿ 6 ಮಂದಿ ಇಲ್ಲಿ, ಮಗಳ ಸಂಸಾರದ 3 ಮಂದಿ ಪಕ್ಕದ 2ನೇ ಟೇಬಲ್ಲಿನಲ್ಲಿ. 1ರಲ್ಲಿ ಉಳಿದ ಒಂದು ಕುರ್ಚಿ ಅಜ್ಜಿಯ ಗೆಳತಿಗೆ. ಆ ಟೇಬಲ್ಲು ತುಂಬಿತು. ಅಡುಗೆಮನೆಯ ಹತ್ತಿರದ 8ನೇ ಟೇಬಲ್ಲು ಜೈನ ಮನೆಯ ನಾಲ್ವರಿಗೆ, ಅವರೊಂದಿಗೆ ಅದೇ ಓಣಿಯ 3 ಮಂದಿ, ಒಟ್ಟು 7. ಗೋಡೆಯ ಬದಿಯ, ಸ್ಪೀಕರಿನಿಂದ ದೂರದ 7ನೇ ಟೇಬಲ್ಲು ಶಿಕ್ಷಕರಿಗೆ, ಮತ್ತು ಅವರ ಕೈಯಲ್ಲಿಯೇ ಕಲಿತ ಐವರು ಗೆಳೆಯರು ಅಲ್ಲಿಗೇ ಬರುತ್ತಾರೆ. ಅಲ್ಲಿ ಈಗ 6.

ಸ್ಥಳ ಬದಲಿಸಲಾಗದವರು ಮುಗಿದರು, ಇನ್ನು ದೊಡ್ಡದರಿಂದ ಚಿಕ್ಕದಕ್ಕೆ. ಬೀಗರ 7 ಮಂದಿ ವೇದಿಕೆಗೆ ಎದುರಿನ 3ನೇ ಟೇಬಲ್ಲಿನಲ್ಲಿ. ಉಳಿದ ಒಂದು ಕುರ್ಚಿಯನ್ನು ಖಾಲಿ ಬಿಡುತ್ತೇನೆ, ಏಕೆಂದರೆ ಮನೆಯ ಹಿರಿಯರು ಆಗಾಗ ಬಂದು ಬೀಗರ ಬಳಿ ಕುಳಿತು ಮಾತಾಡಬೇಕಾಗುತ್ತದೆ. ಗೋಕಾಕದವರು 4ರಲ್ಲಿ 6, ಕೊಲ್ಹಾಪುರದವರು 5ರಲ್ಲಿ 6, ಕಚೇರಿಯವರು 6ರಲ್ಲಿ 5. ಯುವ ದಂಪತಿಯ 4 ಮಂದಿ 2ರಲ್ಲಿ ದೊಡ್ಡಪ್ಪನ ಮಗಳ ಸಂಸಾರದೊಂದಿಗೆ. ಎರಡೂ ಕಡೆ ಚಿಕ್ಕ ಮಕ್ಕಳು, ಒಟ್ಟು 7. ಹಳೆಯ ಅಧಿಕಾರಿಯ ಮನೆಯವರು 6ರಲ್ಲಿ ಸೇರಿ 8 ಆಗುತ್ತಾರೆ. ನಿಪ್ಪಾಣಿಯ ದಂಪತಿ 5ರಲ್ಲಿ ಸೇರಿ 8. ಇನ್ನೊಂದು ದಂಪತಿ 7ರಲ್ಲಿ ಸೇರಿ 8.

ಈಗ ಎಣಿಸಿ ನೋಡಿರಿ: 7, 7, 7, 6, 8, 8, 8, 7, ಕೂಡಿದರೆ 58. ಖಾಲಿ ಕುರ್ಚಿಗಳು 2, 3, 8ನೇ ಟೇಬಲ್ಲುಗಳಲ್ಲಿ ಒಂದೊಂದು, 4ರಲ್ಲಿ ಎರಡು. ಒಡೆದದ್ದು ಒಂದೇ ಮನೆ, ಅದೂ ಪಕ್ಕಪಕ್ಕದ ಟೇಬಲ್ಲುಗಳಲ್ಲಿ. 4ನೇ ಟೇಬಲ್ಲಿನ ಎರಡು ಕುರ್ಚಿಗಳನ್ನು ತುಂಬಿಸಲು ಆಸೆಯಾಗುತ್ತದೆ, ಆದರೆ ಜೋಡಿಯಾಗಿ ಉಳಿದ ಆ ಎರಡು ಕುರ್ಚಿಗಳೇ ಮುಂದೆ ಮರ್ಯಾದೆ ಕಾಯುತ್ತವೆ.

## ಕೊನೆಯ ಗಳಿಗೆಯ ಬದಲಾವಣೆ ಮತ್ತು ಬಡಿಸುವ ಹೊತ್ತು

ಪಟ್ಟಿ ಮುಗಿದ ಮ್ಯಾಲೆ ಇಬ್ಬರು ಹೆಚ್ಚಿಗೆ ಬಂದ್ರ ಎಲ್ಲಾ ಕೆಡ್ತದಲ್ಲ?

ಕೆಡುವುದು ಬಂದವರನ್ನು ಅಲುಗಿಸಿದಾಗ. ಮೇಲಿನ ಲೆಕ್ಕದಲ್ಲಿ ಕೊಲ್ಹಾಪುರದವರು 6ರ ಬದಲು 8 ಮಂದಿ ಬಂದರೆಂದುಕೊಳ್ಳಿ. ಅವರಿಗೆ 5ನೇ ಟೇಬಲ್ಲು ಪೂರ್ತಿ ಬೇಕು. ನಿಪ್ಪಾಣಿಯ ದಂಪತಿಯನ್ನು 4ಕ್ಕೆ ಕಳಿಸಿದರೆ ಒಂದೇ ಬದಲಾವಣೆಯಲ್ಲಿ ಕೆಲಸ ಮುಗಿಯಿತು. ಹೆಚ್ಚಾದವರನ್ನು ಬೇರೆಡೆ ಕೂಡಿಸುವುದಕ್ಕಿಂತ ಆ ಟೇಬಲ್ಲಿನ ಅತಿ ಚಿಕ್ಕ ಗುಂಪನ್ನು ಪೂರ್ತಿಯಾಗಿ ಬೇರೆಡೆಗೆ ಒಯ್ಯಬೇಕು. ಇದಕ್ಕಾಗಿ ಪಟ್ಟಿ ಮಾಡುವಾಗಲೇ, ಬೇಕಾದರೆ ಬದಲಿಸಬಹುದಾದ ಎರಡು ಮೂರು ದಂಪತಿಗಳನ್ನು ಗುರುತು ಮಾಡಿಟ್ಟುಕೊಂಡು ಅವರಿಗೆ ಮೊದಲೇ ತಿಳಿಸಿದರೆ ಯಾರಿಗೂ ಮನಸ್ಸಿಗೆ ನೋವಾಗುವುದಿಲ್ಲ.

ಬೀಗರು 7ರ ಬದಲು 9 ಮಂದಿ ಬಂದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ 3ನೇ ಟೇಬಲ್ಲಿನಲ್ಲಿ ಬೇರೆ ಗುಂಪೇ ಇಲ್ಲ. ಆಗ ಅವರಲ್ಲಿಯೇ ಬೇರೆ ಸಂಸಾರವೊಂದನ್ನು ಅವರ ಒಪ್ಪಿಗೆ ಪಡೆದು ಪಕ್ಕದ 4ಕ್ಕೆ ಕೂಡಿಸಬೇಕಾಗುತ್ತದೆ. 5 ಅಡಿಯ ಟೇಬಲ್ಲಿಗೆ ಒಂಬತ್ತನೆಯ ಕುರ್ಚಿ ತುರುಕುವುದು ಎಲ್ಲರಿಗೂ ಸುಲಭವಾಗಿ ಹೊಳೆಯುವ ದಾರಿ, ಆದರೆ ಬೀಗರನ್ನು ಒತ್ತೊತ್ತಾಗಿ ಕೂಡಿಸಿದರೆಂಬ ಮಾತು ಬಹಳ ಕಾಲ ಉಳಿಯುತ್ತದೆ.

ಕಂಪ್ಯೂಟರಿನಲ್ಲಿ ಇದನ್ನು ಹೇಗೆ ಇಟ್ಟುಕೊಳ್ಳಬೇಕು?

ಸ್ಪ್ರೆಡ್‌ಶೀಟಿನ ಮೊದಲ ಕಾಲಮ್ಮಿನಲ್ಲಿ ಮನೆಯ ಹೆಸರು, ಎರಡನೆಯದರಲ್ಲಿ ಮಂದಿ, ಮೂರನೆಯದರಲ್ಲಿ ಟೇಬಲ್ಲಿನ ಗುರುತನ್ನು T1, T2 ಎಂಬಂತೆ ಬರೆದರೆ ಸಾಕು. 5ನೇ ಟೇಬಲ್ಲಿನಲ್ಲಿ ಎಷ್ಟು ಕುರ್ಚಿ ಉಳಿದಿವೆ ಎಂಬುದನ್ನು ಈ ಸೂತ್ರ ತೋರಿಸುತ್ತದೆ:

```
=8-SUMIF(C:C,"T5",B:B)
```

ಗಾಲಿಕುರ್ಚಿಯ ಟೇಬಲ್ಲಿಗೆ 8ರ ಬದಲು 7 ಬರೆಯಿರಿ. ಯಾವುದೇ ಟೇಬಲ್ಲಿಗೆ ಉತ್ತರ ಸೊನ್ನೆಗಿಂತ ಕೆಳಗೆ ಬಂದರೆ ಅಲ್ಲಿ ಮಂದಿ ಹೆಚ್ಚಾಗಿದ್ದಾರೆ. ಒಂದು ಮನೆಯನ್ನು ಒಡೆದಿದ್ದರೆ ಎರಡು ಸಾಲುಗಳಲ್ಲಿ ಬರೆಯಬೇಕು. ಒಂದೇ ಸಾಲಿನಲ್ಲಿ ಇಟ್ಟು ನೆನಪಿನಲ್ಲಿ ಒಡೆದವರೇ ಆಮೇಲೆ ಎರಡು ಬಾರಿ ಎಣಿಸುತ್ತಾರೆ.

ಪಟ್ಟಿ ಬಾಗಿಲಿನಲ್ಲಿ ಹಚ್ಚಿದರೂ ಜನ ತಮಗೆ ಬೇಕಾದಲ್ಲಿ ಕೂಡುತ್ತಾರೆ. ಏನು ಮಾಡಬೇಕು?

ಬಾಗಿಲಿನ ಫಲಕದ ಮುಂದೆ ನಿಂತು ಓದುವ ರೂಢಿ ನಮ್ಮ ಹಿರಿಯರಿಗಿಲ್ಲ. ಎರಡೂ ಕಡೆಯ ಮಂದಿಯ ಮುಖ ಗೊತ್ತಿರುವ ಇಬ್ಬರನ್ನು, ಹುಡುಗಿಯ ಕಡೆಯಿಂದ ಒಬ್ಬರು ಮತ್ತು ಹುಡುಗನ ಕಡೆಯಿಂದ ಒಬ್ಬರನ್ನು, ಬಾಗಿಲಿನಲ್ಲಿ ನಿಲ್ಲಿಸಿ; ಅವರು ‘ಬರ್ರಿ ಕಾಕಾ, ನಿಮ್ಮ ಜಾಗಾ ಇಲ್ಲೈತ್ರಿ’ ಎಂದು ಟೇಬಲ್ಲಿನವರೆಗೆ ಕರೆದುಕೊಂಡು ಹೋದರೆ ಯಾರೂ ಬೇರೆಡೆ ಕೂಡುವುದಿಲ್ಲ. ಟೇಬಲ್ಲಿನ ಮೇಲಿನ ಚೀಟಿಯಲ್ಲಿ ಸಂಖ್ಯೆಯ ಜೊತೆಗೆ ಮನೆಯ ಹೆಸರೂ ಇರಲಿ, ಮತ್ತು ಮರಾಠಿ ಓದುವ ನೆಂಟರಿಗೆ ಅದೇ ಹೆಸರನ್ನು ದೇವನಾಗರಿಯಲ್ಲಿಯೂ ಬರೆಯಿರಿ.

ಬಡಿಸುವವರಿಗೆ ಯಾರಿಗೆ ಏನು ಬೇಡ ಅಂತ ಹೆಂಗ ತಿಳೀಬೇಕು?

ಹೆಸರುಗಳ ಪಟ್ಟಿ ಅವರಿಗೆ ಉಪಯೋಗವಿಲ್ಲ, ಏಕೆಂದರೆ ಅವರಿಗೆ ಮುಖಗಳ ಪರಿಚಯವಿಲ್ಲ. ಪ್ರತಿ ಟೇಬಲ್ಲಿನಲ್ಲಿ ವೇದಿಕೆಗೆ ಅತಿ ಹತ್ತಿರದ ಕುರ್ಚಿಯನ್ನು 1 ಎಂದು ಇಟ್ಟುಕೊಂಡು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ 8ರವರೆಗೆ ಎಣಿಸುವ ಕ್ರಮವನ್ನು ಎಲ್ಲರಿಗೂ ಹೇಳಿಕೊಡಿರಿ. ಅನಂತರ ಒಂದೇ ಹಾಳೆಯಲ್ಲಿ ‘ಟೇಬಲ್ 4, ಕುರ್ಚಿ 3: ಶೇಂಗಾ ಬೇಡ’, ‘ಟೇಬಲ್ 6, ಕುರ್ಚಿ 5: ಮೊದಲು ಬಡಿಸಬೇಕು, ಇನ್ಸುಲಿನ್’ ಎಂದು ನಾಲ್ಕೈದು ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿನ ಒಳಬದಿಗೆ ಅಂಟಿಸಿರಿ. ಊಟಕ್ಕೆ ಕಾಲು ಗಂಟೆ ಮೊದಲು ಬಡಿಸುವವರ ಮುಖ್ಯಸ್ಥನನ್ನು ಕರೆದುಕೊಂಡು ಆ ಕುರ್ಚಿಗಳ ಹಿಂದೆ ಒಂದೊಂದಾಗಿ ನಿಂತು ತೋರಿಸಿರಿ. ಅತಿಥಿಗಳು ಕುಳಿತ ಮೇಲೆ ಇನ್ನೊಮ್ಮೆ ಆ ಟೇಬಲ್ಲುಗಳನ್ನು ಸುತ್ತಿ, ಆ ಕುರ್ಚಿಯಲ್ಲಿ ಅವರೇ ಇದ್ದಾರೆಯೇ ಎಂದು ನೋಡಬೇಕು. ಮಕ್ಕಳು ಕುರ್ಚಿ ಬದಲಿಸುವುದು ಸಾಮಾನ್ಯ, ಮತ್ತು ಶೇಂಗಾ ಆಗದ ಹುಡುಗ ಕುರ್ಚಿ 3ರಿಂದ 6ಕ್ಕೆ ಹೋಗಿದ್ದರೆ ಬಾಗಿಲಿನ ಮೇಲಿನ ಹಾಳೆಯನ್ನು ಆಗಲೇ ತಿದ್ದಬೇಕು.